ಫೋಟೋವನ್ನು ಕಾಗದದ ಚಿತ್ರವಾಗಿಸುವುದು: ಮೊದಲು ಮಿಲಿಮೀಟರು, ಆಮೇಲೆ ಫಿಲ್ಟರು

ಫೋಟೋವೊಂದನ್ನು ಬಣ್ಣದ ಕಾಗದ ಕತ್ತರಿಸಿ ಅಂಟಿಸಿದಂತೆ ಕಾಣುವ ಹಾಗೆ ಕಂಪ್ಯೂಟರ್‌ನಲ್ಲಿ ಬದಲಿಸಿದ ನನ್ನ ಮೊದಲ ಕಾಗದದ ಚಿತ್ರದಲ್ಲಿ ತಪ್ಪೇನೆಂದು ಎರಡು ದಿನ ಹುಡುಕಿದೆ. ಬಣ್ಣ ಚೆನ್ನಾಗಿತ್ತು, ಅಂಚುಗಳು ಚೊಕ್ಕಟವಾಗಿದ್ದವು, ಪ್ರತಿ ಭಾಗದ ಕೆಳಗೂ ಒಂದು ನೆರಳು ಇತ್ತು. ಆದರೂ ನೋಡಿದವರು ಅದನ್ನು ಮೊಬೈಲ್ ಆ್ಯಪ್‌ನ ಐಕಾನ್ ಎಂದರೇ ಹೊರತು ಕಾಗದ ಎನ್ನಲಿಲ್ಲ. ಕೊನೆಗೆ ಹೊಳೆದದ್ದು ಇಷ್ಟು: ಆ ಚಿತ್ರ ಎಷ್ಟು ದೊಡ್ಡದು ಎಂದು ನಾನೇ ಯೋಚಿಸಿರಲಿಲ್ಲ. ಕಾಗದ ಒಂದು ವಸ್ತು. ಅದಕ್ಕೆ ದಪ್ಪವಿದೆ, ಕತ್ತರಿಗೆ ಒಂದು ಮಿತಿಯಿದೆ, ಮೇಲೆ ಉರಿಯುವ ದೀಪಕ್ಕೆ ಒಂದು ಜಾಗವಿದೆ. ಇವೆಲ್ಲ ಒಂದೇ ಅಳತೆಗೆ ಹೊಂದಿಕೊಂಡಾಗ ಮಾತ್ರ ಕಣ್ಣು ನಂಬುತ್ತದೆ.

ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಒಂದೇ ಫೋಟೋವನ್ನು ಹಿಡಿದು ಮೊದಲಿನಿಂದ ಕೊನೆಯವರೆಗೆ ಹೋಗುತ್ತೇನೆ. ಕಿಟಕಿಯ ಹಲಗೆಯ ಮೇಲೆ ಕುಳಿತ ಬೂದು ಬೆಕ್ಕು, ಅದರ ಹಿಂದೆ ಕಿಟಕಿಯ ಚೌಕಟ್ಟು, ಅದರಾಚೆ ಬಿಳಿಚಿಕೊಂಡ ಆಕಾಶ, ಮುಂದೆ ಒಂದು ಹೂಕುಂಡದ ಎಲೆಗಳು. ಬೆಳಕು ಹಿಂದಿನಿಂದ ಬರುತ್ತಿರುವುದರಿಂದ ಬೆಕ್ಕಿನ ಬೆನ್ನ ಮೇಲೆ ಬೆಳ್ಳಿಯ ಗೆರೆಯೊಂದು ಹೊಳೆಯುತ್ತಿದೆ. ನಾನು ಬಳಸುವುದು GIMP ಎಂಬ ಚಿತ್ರ ತಿದ್ದುವ ತಂತ್ರಾಂಶ. ಲೇಯರ್ ಮತ್ತು ಪಾತ್ ಇರುವ ಯಾವ ತಂತ್ರಾಂಶದಲ್ಲಾದರೂ ಇದೇ ಕೆಲಸ ನಡೆಯುತ್ತದೆ.

ಅಳತೆ

ಫೋಟೋವನ್ನು 3000 × 2400 ಪಿಕ್ಸೆಲ್‌ಗೆ ತಂದುಕೊಳ್ಳಿ. ಇದು 30 × 24 ಸೆಂಟಿಮೀಟರಿನ ಕಾಗದದ ಚಿತ್ರ, ಮೇಜಿನ ಮೇಲಿಟ್ಟು ನೇರ ಮೇಲಿನಿಂದ ತೆಗೆದ ಫೋಟೋ ಎಂದು ತೀರ್ಮಾನಿಸಿ. ಅಂದರೆ 10 ಪಿಕ್ಸೆಲ್‌ಗೆ 1 ಮಿಲಿಮೀಟರ್. ಇನ್ನು ಮುಂದೆ ಯಾವ ಸಂಖ್ಯೆಯನ್ನೂ ಕಣ್ಣಂದಾಜಿನಲ್ಲಿ ಹಾಕಬೇಕಾಗಿಲ್ಲ. ಕರಕುಶಲಕ್ಕೆ ಬಳಸುವ ದಪ್ಪ ಬಣ್ಣದ ಕಾಗದ ಸುಮಾರು 0.3 ಮಿಲಿಮೀಟರ್ ಇರುತ್ತದೆ, ಅಂದರೆ 3 ಪಿಕ್ಸೆಲ್. ಹಾಳೆಗಳ ನಡುವೆ ಅಂಟಿಸುವ ಫೋಮ್ ತುಂಡು 3 ಮಿಲಿಮೀಟರ್ ಆದರೆ ಆ ಅಂತರ 30 ಪಿಕ್ಸೆಲ್. ಕೈಯಿಂದ ಕತ್ತರಿಸುವಾಗ 2 ಮಿಲಿಮೀಟರಿಗಿಂತ ಸಣ್ಣ ಪಟ್ಟಿ ಹರಿಯದೆ ಉಳಿಯುವುದು ಕಷ್ಟ. ಆದ್ದರಿಂದ 20 ಪಿಕ್ಸೆಲ್‌ಗಿಂತ ತೆಳುವಾದ ಯಾವುದೂ ನಿಮ್ಮ ಚಿತ್ರದಲ್ಲಿ ಇರಬಾರದು.

ಈ ಕೊನೆಯ ನಿಯಮ ಬೆಕ್ಕಿನ ಮೀಸೆಗೆ ಮರಣಶಾಸನ. ಫೋಟೋದಲ್ಲಿ ಮೀಸೆ 3 ಪಿಕ್ಸೆಲ್ ದಪ್ಪವಿದೆ. ಅದನ್ನು ಹಾಗೆಯೇ ಉಳಿಸಿಕೊಂಡರೆ ಸುತ್ತಲಿನ ಕಾಗದವೆಲ್ಲ ಸುಳ್ಳಾಗುತ್ತದೆ. ಎರಡು ದಾರಿಗಳಿವೆ: ಮೀಸೆಯನ್ನು ಪೂರ್ತಿ ಬಿಟ್ಟುಬಿಡುವುದು, ಇಲ್ಲವೇ ಕೆನ್ನೆಯ ಹಾಳೆಯಲ್ಲಿ ಎರಡೆರಡು ಸೀಳುಗಳನ್ನು ಕೊಯ್ದು ಕೆಳಗಿನ ತಿಳಿ ಹಾಳೆ ಇಣುಕುವಂತೆ ಮಾಡುವುದು. ಸೀಳು ತೆಳುವಾಗಿರಬಹುದು, ಏಕೆಂದರೆ ಅದು ಕಟರ್ ಹಾದುಹೋದ ಗೆರೆ; ಪಟ್ಟಿ ತೆಳುವಾಗಿರಲಾರದು. ನಾನು ಸೀಳುಗಳನ್ನು ಆರಿಸಿಕೊಂಡೆ.

ಫೋಟೋದ ಬೆಳಕು ಬೇರೆ, ದೀಪದ ಬೆಳಕು ಬೇರೆ

ಹೆಚ್ಚಿನ ಪ್ರಯತ್ನಗಳು ಕೆಡುವುದು ಇಲ್ಲಿಯೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಕಾಗದದ ಚಿತ್ರದಲ್ಲಿ ಎರಡು ಬೆಳಕುಗಳಿವೆ. ಒಂದು, ಚಿತ್ರದೊಳಗಿನ ಬೆಳಕು: ಕಿಟಕಿಯಿಂದ ಬಂದು ಬೆಕ್ಕಿನ ಬೆನ್ನನ್ನು ಬೆಳಗಿಸಿದ್ದು. ಇನ್ನೊಂದು, ಚಿತ್ರದ ಮೇಲೆ ಬೀಳುವ ಬೆಳಕು: ಮೇಜಿನ ದೀಪದಿಂದ ಬಂದು ಕಾಗದದ ಅಂಚುಗಳಿಗೆ ನೆರಳು ಕೊಡುವಂಥದ್ದು. ನಿಜವಾಗಿ ಕಾಗದ ಕತ್ತರಿಸುವವನಿಗೆ ಮೊದಲ ಬೆಳಕನ್ನು ತೋರಿಸಲು ಬಣ್ಣದ ಹಾಳೆ ಬಿಟ್ಟರೆ ಬೇರೆ ಸಾಧನವಿಲ್ಲ. ಎರಡನೆಯದು ತಾನಾಗಿಯೇ ಬರುತ್ತದೆ, ನೆರಳಾಗಿ ಮಾತ್ರ ಬರುತ್ತದೆ.

ಆದ್ದರಿಂದ ಫೋಟೋದಲ್ಲಿರುವ ಛಾಯೆಯ ಏರಿಳಿತವೊಂದೂ ನಿಮ್ಮ ಹಾಳೆಗೆ ದಾಟಿ ಬರಕೂಡದು. ಬೆಕ್ಕಿನ ಹೊಟ್ಟೆಯ ಕಡೆ ಬೂದು ಬಣ್ಣ ನಿಧಾನವಾಗಿ ಕಪ್ಪಾಗುತ್ತಾ ಹೋಗುತ್ತದೆಯೇ? ಅಲ್ಲಿ ಕಡುಬೂದಿನ ಇನ್ನೊಂದು ತುಂಡನ್ನು ಕತ್ತರಿಸಿ ಅಂಟಿಸಿ, ಅಥವಾ ಅದನ್ನು ಮರೆತುಬಿಡಿ. ಬೆನ್ನ ಮೇಲಿನ ಬೆಳ್ಳಿಗೆರೆಯೂ ಹಾಗೆಯೇ. ಬೆಕ್ಕಿನ ಆಕಾರದ್ದೇ ತಿಳಿ ಹಾಳೆಯೊಂದನ್ನು ಬೂದು ಹಾಳೆಯ ಹಿಂದಿಟ್ಟು, ಬೆನ್ನಿನ ಕಡೆ ಮಾತ್ರ 25 ಪಿಕ್ಸೆಲ್ ಹೊರಗೆ ಚಾಚುವಂತೆ ಕತ್ತರಿಸಿದರೆ ಬೆಳ್ಳಿಗೆರೆ ಕಾಗದದ ಭಾಷೆಗೆ ಬರುತ್ತದೆ. ಈ ಪಟ್ಟಿಯನ್ನು ಸಮ ಅಗಲದಲ್ಲಿ ಎಳೆಯಬೇಡಿ. ಹೆಗಲ ಬಳಿ ದಪ್ಪವಾಗಿ, ಬಾಲದ ಬುಡದಲ್ಲಿ ಹಾಳೆಯ ಹಿಂದೆ ಮರೆಯಾಗಿ ಹೋಗಲಿ. ಕಂಪ್ಯೂಟರ್ ಎಳೆದ ಬಾರ್ಡರ್‌ಗೂ ಕೈಯಿಂದ ಕತ್ತರಿಸಿದ್ದಕ್ಕೂ ಇರುವ ವ್ಯತ್ಯಾಸ ಇದೇ.

ಇದರಿಂದ ಒಂದು ಲಾಭವೂ ಇದೆ. ಫೋಟೋದಲ್ಲಿ ಬೆಳಕು ಯಾವ ದಿಕ್ಕಿನಿಂದ ಬಂದಿದ್ದರೂ ಮೇಜಿನ ದೀಪವನ್ನು ನಿಮಗೆ ಬೇಕಾದಲ್ಲಿ ಇಡಬಹುದು. ನಾನು ಮೇಲಿನ ಎಡಮೂಲೆಯಲ್ಲಿಟ್ಟೆ.

ಹಾಳೆಗಳಾಗಿ ಬಿಡಿಸುವುದು

ಫೋಟೋದ ಒಂದು ಪ್ರತಿಗೆ `Median Blur` ಅನ್ನು 10ರ ತ್ರಿಜ್ಯದಲ್ಲಿ ಹಾಕಿ, ಆಮೇಲೆ `Posterize` ಮಾಡಿ 4 ಮಟ್ಟಗಳಿಗೆ ಇಳಿಸಿ. ಇದು ನೋಡಿ ಬಿಡಿಸಲು ಬೇಕಾದ ಅಡಿಚಿತ್ರ ಮಾತ್ರ. ಅನೇಕರು ಇದನ್ನೇ ಮುಗಿದ ಕೆಲಸ ಎಂದುಕೊಂಡು ಪ್ರತಿ ಮಟ್ಟಕ್ಕೂ ಒಂದು ನೆರಳು ಹಚ್ಚುತ್ತಾರೆ. ಆಗ ಸಿಗುವುದು ಬೆಟ್ಟದ ಎತ್ತರ ತೋರಿಸುವ ನಕ್ಷೆಯಂಥ ಚಿತ್ರ: ಒಂದರೊಳಗೊಂದು ಸುತ್ತುವ ವಲಯಗಳು, ಅಲ್ಲಲ್ಲಿ ತೇಲುವ ಸಣ್ಣ ದ್ವೀಪಗಳು. ತಂತ್ರಾಂಶ ಬೆಳಕಿನ ಮಟ್ಟವನ್ನು ಹಿಡಿದು ಬೇರ್ಪಡಿಸುತ್ತದೆ. ಕಾಗದದವನು ವಸ್ತುವನ್ನು ಹಿಡಿದು ಬೇರ್ಪಡಿಸುತ್ತಾನೆ.

ವಸ್ತುವಿನ ಪ್ರಕಾರ ಈ ಫೋಟೋದಲ್ಲಿ ಐದು ಎತ್ತರಗಳಿವೆ. ತಳದಲ್ಲಿ ಆಕಾಶ. ಅದರಿಂದ 4 ಮಿಲಿಮೀಟರ್ ಮೇಲೆ ಕಿಟಕಿಯ ಚೌಕಟ್ಟು, ಅದರ ಮೇಲೆ 2 ಮಿಲಿಮೀಟರ್ ಬಿಟ್ಟು ಹಲಗೆ, 3 ಮಿಲಿಮೀಟರ್ ಬಿಟ್ಟು ಬೆಕ್ಕು, ಕೊನೆಗೆ 4 ಮಿಲಿಮೀಟರ್ ಬಿಟ್ಟು ಕುಂಡ ಮತ್ತು ಎಲೆಗಳು. ಬೆಕ್ಕಿನ ಮುಖದ ಮಚ್ಚೆ, ಕಿವಿಯೊಳಗಿನ ಗುಲಾಬಿ ಮತ್ತು ಕಣ್ಣುಗಳನ್ನು ಫೋಮ್ ಇಲ್ಲದೆ ನೇರವಾಗಿ ಅಂಟಿಸಿದೆ ಎಂದಿಟ್ಟುಕೊಳ್ಳಿ. ಈ ಅಂತರಗಳನ್ನು ಒಂದು ಚೀಟಿಯಲ್ಲಿ ಬರೆದಿಡಿ, ನೆರಳಿನ ಹೊತ್ತಿಗೆ ಬೇಕಾಗುತ್ತದೆ.

ಕೆಳಗಿನ ಹಾಳೆಯನ್ನು ಮೇಲಿನ ಹಾಳೆಯ ಅಂಚಿಗೆ ಸರಿಯಾಗಿ ನಿಲ್ಲಿಸಬೇಡಿ. ಹಲಗೆ ಬೆಕ್ಕಿನ ಕೆಳಗೂ ಮುಂದುವರಿಯಲಿ. ಜೋಡಿಸಿದ ಅಂಚುಗಳು ಕೂದಲೆಳೆಯಷ್ಟೂ ಬಿರುಕಿಲ್ಲದೆ ಕೂತರೆ ಅದು ಒಗಟಿನ ಆಟದ ತುಂಡುಗಳಂತೆ ಕಾಣುತ್ತದೆ, ಒಂದರ ಮೇಲೊಂದು ಇಟ್ಟ ಹಾಳೆಯಂತೆ ಅಲ್ಲ.

ಅಂಚು: ಕತ್ತರಿ ಹೇಗೆ ತಿರುಗುತ್ತದೆ

ಹೊರಗೆರೆ ಎಂದ ಕೂಡಲೇ ಕಪ್ಪು ಗೆರೆ ನೆನಪಾಗುತ್ತದೆ. ಕಾಗದದಲ್ಲಿ ಹೊರಗೆರೆಯೇ ಇಲ್ಲ. ಇರುವುದು ಕತ್ತರಿಸಿದ ಅಂಚು. ಕತ್ತರಿ ಉದ್ದವಾದ ಕಮಾನಿನಲ್ಲಿ ಸರಾಗವಾಗಿ ಸಾಗುತ್ತದೆ, ನಿಲ್ಲುತ್ತದೆ, ಕಾಗದ ತಿರುಗಿಸಿಕೊಂಡು ಮತ್ತೆ ಸಾಗುತ್ತದೆ. ಆ ನಿಲುಗಡೆಯಲ್ಲಿ ಒಂದು ಸಣ್ಣ ಮೂಲೆ ಉಳಿಯುತ್ತದೆ. ಪಾತ್ ಉಪಕರಣದಲ್ಲಿ ಇದನ್ನು ತರುವುದು ಸುಲಭ: ಬಿಂದುಗಳನ್ನು ಜಿಪುಣತನದಿಂದ ಇಡಿ. ಬೆಕ್ಕಿನ ಕಿವಿಯಿಂದ ಬಾಲದ ಬುಡದವರೆಗೆ ನಾನು ಬಳಸಿದ್ದು ಐದೇ ಬಿಂದುಗಳು, ಅವುಗಳಲ್ಲಿ ಎರಡು ನಯವಲ್ಲದ ಮೂಲೆಗಳು. ಮೊದಲ ಸಲ ಹದಿನೆಂಟು ಬಿಂದುಗಳನ್ನು ಇಟ್ಟಿದ್ದೆ. ಫೋಟೋಕ್ಕೆ ನಿಷ್ಠವಾಗಿತ್ತು, ಆದರೆ ಅಂಚು ನಡುಗುವ ಕೈಯಲ್ಲಿ ಎಳೆದ ಹಾಗಿತ್ತು.

ತುಪ್ಪಳ ಇನ್ನೊಂದು ಪರೀಕ್ಷೆ. ಸಾವಿರ ಕೂದಲುಗಳಿಗೆ ಬದಲಾಗಿ ಎದೆಯ ಮೇಲೆ ಮೂರು ಕಚ್ಚು, ಕೆನ್ನೆಯಲ್ಲಿ ಎರಡು, ಬಾಲದ ತುದಿಯಲ್ಲಿ ಎರಡು ಸಾಕು. ಪ್ರತಿ ಕಚ್ಚು 60ರಿಂದ 80 ಪಿಕ್ಸೆಲ್ ಆಳವಿರಲಿ, ಎಲ್ಲವೂ ಕೂದಲು ಬೀಳುವ ದಿಕ್ಕಿಗೆ ಓರೆಯಾಗಿರಲಿ. ಕಚ್ಚು ಇಲ್ಲದ ಕಡೆ ಅಂಚು ಪೂರ್ತಿ ನಯವಾಗಿರಬೇಕು. ಉಳಿದ ತುಪ್ಪಳವನ್ನು ನೋಡುವವರ ಕಣ್ಣೇ ತುಂಬಿಕೊಳ್ಳುತ್ತದೆ.

ಪಾತ್ ಅನ್ನು ಆಯ್ಕೆಯಾಗಿ ಬದಲಿಸಿ, ಹೊಸ ಲೇಯರ್‌ನಲ್ಲಿ ಒಂದೇ ಬಣ್ಣ ತುಂಬಿ. ಬಣ್ಣವನ್ನು ಬ್ಲರ್ ಮಾಡಿದ ಅಡಿಚಿತ್ರದಿಂದ ಎತ್ತಿಕೊಳ್ಳಬಹುದು. ಇಡೀ ಚಿತ್ರಕ್ಕೆ ಏಳೆಂಟು ಬಣ್ಣ ಮೀರಬೇಡಿ. ಕುಂಡಕ್ಕೆ ಬಳಸಿದ ಕಂದು ಬಣ್ಣವನ್ನೇ ಚೌಕಟ್ಟಿಗೂ ಬಳಸಿ. ಮನೆಯಲ್ಲಿ ಇದ್ದಷ್ಟೇ ಕಾಗದದಲ್ಲಿ ಮಾಡಿದಂತೆ ಕಾಣುವುದು ಈ ಕಲೆಗೆ ಒಪ್ಪುತ್ತದೆ.

ಮೇಲ್ಮೈ

ಒಂದೇ ವಿನ್ಯಾಸದ ಕಾಗದದ ಚಿತ್ರವನ್ನು ಎಲ್ಲ ಲೇಯರ್‌ಗಳ ಮೇಲೂ ಒಟ್ಟಿಗೆ ಹೊದಿಸುವುದು ಚಾಲ್ತಿಯಲ್ಲಿರುವ ಅಡ್ಡದಾರಿ. ಆದರೆ ಹಾಗೆ ಮಾಡಿದರೆ ಒಂದೇ ನಾರು ಬೆಕ್ಕಿನ ಮೈಯಿಂದ ಹಲಗೆಗೆ, ಹಲಗೆಯಿಂದ ಆಕಾಶಕ್ಕೆ ಕಡಿಯದೆ ಹರಿಯುತ್ತದೆ. ಹಾಳೆಗಳು ಬೇರೆ ಎಂದು ನೆರಳು ಹೇಳುತ್ತಿದ್ದರೆ, ಎಲ್ಲವೂ ಒಂದೇ ಹಾಳೆಯ ಮೇಲೆ ಅಚ್ಚಾಗಿದೆ ಎಂದು ನಾರು ಹೇಳುತ್ತದೆ. ಪ್ರತಿ ಹಾಳೆಗೂ ವಿನ್ಯಾಸದ ಬೇರೆ ಪ್ರತಿ ಬೇಕು, ಪ್ರತಿಯೊಂದನ್ನೂ ಬೇರೆ ಕೋನಕ್ಕೆ ತಿರುಗಿಸಿರಬೇಕು, ಆಯಾ ಹಾಳೆಯ ಆಕಾರಕ್ಕೆ ಕತ್ತರಿಸಿರಬೇಕು.

ವಿನ್ಯಾಸವನ್ನು ನೀವೇ ಮಾಡಿಕೊಳ್ಳಬಹುದು. ಬೂದು ಲೇಯರ್‌ಗೆ ನಾಯ್ಸ್ ಹಾಕಿ, 1 ಪಿಕ್ಸೆಲ್‌ನಷ್ಟು ಬ್ಲರ್ ಮಾಡಿ, ಅದನ್ನು ಎತ್ತರದ ನಕ್ಷೆಯಾಗಿ, ಅಂದರೆ ತಿಳಿಯಾದದ್ದು ಉಬ್ಬು, ಕಡುವಾದದ್ದು ತಗ್ಗು ಎಂಬಂತೆ ಬಳಸಿಕೊಂಡು `Bump Map` ಹಾಕಿ. ಅಲ್ಲಿ ದೀಪದ ದಿಕ್ಕು ನಿಮ್ಮ ಮೇಲಿನ ಎಡಮೂಲೆಗೇ ಹೊಂದಬೇಕು. ತಪ್ಪಿದೆಯೇ ಎಂದು ತಿಳಿಯಲು ಶೇಕಡಾ 400ಕ್ಕೆ ಹಿಗ್ಗಿಸಿ ನೋಡಿ: ಕಾಗದದ ಉಬ್ಬುಗಳು ಸೂಜಿಮೊನೆ ಚುಚ್ಚಿದ ತಗ್ಗುಗಳಂತೆ ಕಂಡರೆ ಬೆಳಕು ತಿರುಗುಮುರುಗಾಗಿದೆ. ಬೆಳಕು ಮೇಲಿನಿಂದ ಬರುತ್ತದೆ ಎಂದು ಕಣ್ಣು ಮೊದಲೇ ನಂಬಿರುವುದರಿಂದ ಹೀಗಾಗುತ್ತದೆ. ವಿನ್ಯಾಸದ ಪ್ರಭಾವ ಎಷ್ಟು ಕಡಿಮೆ ಇರಬೇಕೆಂದರೆ, ಪೂರ್ತಿ ಚಿತ್ರವನ್ನು ದೂರದಿಂದ ನೋಡಿದಾಗ ಅದು ಕಾಣಲೇಬಾರದು. ನಯವಾದ ದಪ್ಪ ಕಾಗದದ ನಾರು 30 ಸೆಂಟಿಮೀಟರಿನ ಚಿತ್ರದಲ್ಲಿ ಎದ್ದು ಕಾಣುವುದಿಲ್ಲ. ಎದ್ದು ಕಂಡರೆ ನೋಡುವವನ ತಲೆಯಲ್ಲಿ ಚಿತ್ರ ಅಂಚೆಚೀಟಿಯಷ್ಟಕ್ಕೆ ಕುಗ್ಗುತ್ತದೆ.

ನೆರಳು

ಈಗ ಚೀಟಿ ತೆಗೆಯಿರಿ. ದೀಪ 45 ಡಿಗ್ರಿ ಎತ್ತರದಲ್ಲಿದ್ದರೆ ನೆರಳು ಅಂಚಿನಿಂದ ಜರುಗುವ ದೂರ ಹಾಳೆಗಳ ನಡುವಿನ ಅಂತರದಷ್ಟೇ. ದೀಪ ಓರೆ ಮೂಲೆಯಲ್ಲಿರುವುದರಿಂದ ಆ ದೂರವನ್ನು ಅಡ್ಡಕ್ಕೂ ಉದ್ದಕ್ಕೂ ಹಂಚಬೇಕು; ಪ್ರತಿ ದಿಕ್ಕಿಗೆ ಸುಮಾರು 0.7 ಪಾಲು ಬರುತ್ತದೆ. ಬೆಕ್ಕು ಹಲಗೆಯಿಂದ 30 ಪಿಕ್ಸೆಲ್ ಮೇಲಿದೆ, ಆದ್ದರಿಂದ ಅದರ ನೆರಳು ಬಲಕ್ಕೆ 21, ಕೆಳಕ್ಕೆ 21.

ಆದರೆ ಬೆಕ್ಕಿನ ನೆರಳು ಹಲಗೆಯ ಮೇಲಷ್ಟೇ ಬೀಳುವುದಿಲ್ಲ. ಅದರ ತಲೆ ಚೌಕಟ್ಟಿನ ಮುಂದಿದೆ, ಕಿವಿಯ ತುದಿ ಆಕಾಶದ ಮುಂದಿದೆ. ಚೌಕಟ್ಟು ಬೆಕ್ಕಿಗಿಂತ 5 ಮಿಲಿಮೀಟರ್ ಕೆಳಗೆ, ಆಕಾಶ 9 ಮಿಲಿಮೀಟರ್ ಕೆಳಗೆ. ಅಂದರೆ ಅದೇ ಬೆಕ್ಕಿನ ನೆರಳು ಪ್ರತಿ ದಿಕ್ಕಿಗೆ ಚೌಕಟ್ಟಿನ ಮೇಲೆ 35 ಪಿಕ್ಸೆಲ್, ಆಕಾಶದ ಮೇಲೆ 64 ಪಿಕ್ಸೆಲ್ ಜರುಗಬೇಕು. ಚೌಕಟ್ಟಿನ ಅಂಚಿನಲ್ಲಿ ನೆರಳು ಮುರಿದು ಮೆಟ್ಟಿಲಿಳಿಯುತ್ತದೆ. ಚಿತ್ರವನ್ನು ಕಾಗದವಾಗಿಸುವುದು ಈ ಮುರಿತ. ಒಂದೇ `Drop Shadow` ಆಜ್ಞೆ ಇದನ್ನು ಕೊಡಲಾರದು, ಏಕೆಂದರೆ ಕೆಳಗೆ ಏನಿದೆ ಎಂದು ಅದಕ್ಕೆ ಗೊತ್ತಿಲ್ಲ.

ಹೀಗೆ ಮಾಡಿ. ಬೆಕ್ಕಿನ ಲೇಯರ್ ಮೇಲೆ `Alpha to Selection` ಕೊಟ್ಟು, ಹಲಗೆಯ ಮೇಲೆ ಹೊಸ ಲೇಯರ್ ತೆರೆದು ಆ ಆಕಾರವನ್ನು ಕಡುಬಣ್ಣದಿಂದ ತುಂಬಿ. ಆಯ್ಕೆಯನ್ನು ತೆಗೆದು, 21 ಮತ್ತು 21 ಜರುಗಿಸಿ, ಬ್ಲರ್ ಮಾಡಿ. ಆಮೇಲೆ ಹಲಗೆಯ ಆಕಾರವನ್ನು ಈ ನೆರಳಿಗೆ ಮಾಸ್ಕ್ ಆಗಿ ಹಾಕಿ. ಹಲಗೆಯಾಚೆಗೆ ಚೆಲ್ಲಿದ್ದು ಮರೆಯಾಗುತ್ತದೆ. ಇದನ್ನೇ ಚೌಕಟ್ಟಿಗೆ 35ರಲ್ಲಿ, ಆಕಾಶಕ್ಕೆ 64ರಲ್ಲಿ ಮತ್ತೆ ಮಾಡಿ. ಚೌಕಟ್ಟಿನ ನೆರಳು, ಹಲಗೆಯ ನೆರಳು, ಎಲೆಗಳ ನೆರಳು ಎಲ್ಲಕ್ಕೂ ಇದೇ ಕ್ರಮ. ಬೇಸರದ ಕೆಲಸ, ಒಪ್ಪುತ್ತೇನೆ. ನನಗೆ ಇಡೀ ಚಿತ್ರದಲ್ಲಿ ಅತಿ ಹೆಚ್ಚು ಸಮಯ ಹಿಡಿದದ್ದೂ ಇದೇ.

ಬ್ಲರ್ ಎಷ್ಟು? ಅದನ್ನು ದೀಪದ ಗಾತ್ರ ನಿರ್ಧರಿಸುತ್ತದೆ. 10 ಸೆಂಟಿಮೀಟರ್ ಅಗಲದ ದೀಪವನ್ನು 50 ಸೆಂಟಿಮೀಟರ್ ದೂರದಲ್ಲಿಟ್ಟರೆ, ಲೆಕ್ಕ ಹಾಕಿ ನೋಡಿದಾಗ `Gaussian Blur` ಗಾತ್ರ ಅಂತರದ ಹತ್ತನೇ ಒಂದು ಭಾಗಕ್ಕೆ ಹತ್ತಿರ ಬರುತ್ತದೆ: ಹಲಗೆಯ ಮೇಲೆ 3, ಚೌಕಟ್ಟಿನ ಮೇಲೆ 5, ಆಕಾಶದ ಮೇಲೆ 9. ದೂರ ಬಿದ್ದ ನೆರಳು ಮೆತ್ತಗೆ, ಹತ್ತಿರದ್ದು ಗಟ್ಟಿ. ಮೆತ್ತಗಿನ ಬೆಳಕು ಬೇಕಿದ್ದರೆ ಎಲ್ಲ ಬ್ಲರ್‌ಗಳನ್ನೂ ಎರಡರಷ್ಟು ಮಾಡಿ, ಆದರೆ ಒಂದನ್ನು ಮಾತ್ರ ಮುಟ್ಟಬೇಡಿ. ನೇರ ಅಂಟಿಸಿದ ಕಣ್ಣು, ಮಚ್ಚೆಗಳಿಗೆ ಕಾಗದದ ದಪ್ಪದಷ್ಟೇ ಎತ್ತರ. 2 ಪಿಕ್ಸೆಲ್ ಜರುಗಿಸಿದರೆ ಸಾಕು, ಬ್ಲರ್ ಬೇಡ. ಕಣ್ಣಿಗೂ ಬೆಕ್ಕಿಗೂ ಸಮನಾದ ನೆರಳು ಕೊಟ್ಟಿದ್ದೇ ನನ್ನ ಮೊದಲ ಚಿತ್ರವನ್ನು ಐಕಾನ್ ಮಾಡಿದ್ದು.

ನೆರಳಿನ ಬಣ್ಣ ಶುದ್ಧ ಕಪ್ಪಾಗಿರಬಾರದು. ದೀಪ ಸ್ವಲ್ಪ ಹಳದಿಯಾದ್ದರಿಂದ ನಾನು ಕಡು ನೀಲಿಬೂದನ್ನು `Multiply` ವಿಧಾನದಲ್ಲಿ ಶೇಕಡಾ 55ರಷ್ಟು ಇಟ್ಟೆ. ಆಗ ಆಕಾಶದ ಮೇಲಿನ ನೆರಳು ಕಡು ಆಕಾಶದಂತೆಯೂ ಹಲಗೆಯ ಮೇಲಿನದು ಕಡು ಮರದಂತೆಯೂ ಕಾಣುತ್ತದೆ. ಎಲ್ಲ ಕಡೆ ಒಂದೇ ಬೂದಿನ ಕೊಳೆ ಕಂಡರೆ ಲೇಯರ್ ವಿಧಾನ `Normal` ಆಗಿಯೇ ಉಳಿದಿದೆ ಎಂದರ್ಥ.

ಇನ್ನೆರಡು ಸಣ್ಣ ಕೆಲಸಗಳು. ಬಣ್ಣದ ಕಾಗದವನ್ನು ಕತ್ತರಿಸಿದಾಗ ಅಂಚಿನಲ್ಲಿ ಒಳಗಿನ ಬಿಳುಪು ತೆಳುವಾಗಿ ಮಿಂಚುವುದುಂಟು. ಬೆಕ್ಕಿನ ಲೇಯರ್‌ನ ಒಂದು ಪ್ರತಿಯನ್ನು ತಿಳಿಬಣ್ಣ ಮಾಡಿ, ಮೂಲದ ಕೆಳಗಿಟ್ಟು, ದೀಪದ ಕಡೆಗೆ 2 ಪಿಕ್ಸೆಲ್ ಜರುಗಿಸಿ. ಬೆಳಕಿನತ್ತ ಮುಖ ಮಾಡಿದ ಅಂಚುಗಳಲ್ಲಿ ಮಾತ್ರ ಆ ಮಿಂಚು ಬರುತ್ತದೆ. ಇನ್ನೊಂದು, ಕಿವಿಯ ತುದಿಯ ಬಳಿ ಮತ್ತು ಎಲೆಯ ಮೊನೆಗಳ ಬಳಿ ನೆರಳನ್ನು ವಾರ್ಪ್ ಉಪಕರಣದಿಂದ ಎಂಟು ಹತ್ತು ಪಿಕ್ಸೆಲ್ ಹೊರಗೆಳೆಯಿರಿ. ಅಂಟು ತಾಗದ ಮೊನೆ ತುಸು ಸುರುಳಿ ಎದ್ದಂತೆ ಕಾಣುತ್ತದೆ. ಇದನ್ನು ಎರಡು ಮೂರು ಕಡೆ ಮಾಡಿ, ಎಲ್ಲ ಕಡೆ ಮಾಡಿದರೆ ಕಾಗದ ಒದ್ದೆಯಾದಂತಿರುತ್ತದೆ.

ಇದೇ ಬೆಕ್ಕು ಕ್ಲೇ ಆಗಬೇಕೆಂದರೆ

ಜೇಡಿಮಣ್ಣಿನ ಬೊಂಬೆಗಳ ಸಿನಿಮಾದಂಥ ಕ್ಲೇಮೇಷನ್ ನೋಟಕ್ಕೆ ಬೆಳಕು, ಅಂಚು, ಮೇಲ್ಮೈ ಈ ಮೂರರ ನಿರ್ಧಾರಗಳೂ ತಲೆಕೆಳಗಾಗುತ್ತವೆ. ಜೇಡಿಯ ಬೊಂಬೆ ದೃಶ್ಯದೊಳಗೆ ಇದೆ, ಬೆಳಕು ಒಂದೇ. ಹಿಂದಿನಿಂದ ಬಂದ ಕಿಟಕಿಯ ಬೆಳಕನ್ನು ಇಲ್ಲಿ ತಳ್ಳಿಹಾಕುವಂತಿಲ್ಲ. ನೀವು ಸೇರಿಸುವ ಪ್ರತಿ ಉಬ್ಬೂ ಅದಕ್ಕೇ ಹೊಂದಬೇಕು. ಆದ್ದರಿಂದ ಕ್ಲೇಗೆ ಬೆನ್ನಬೆಳಕಿನ ಫೋಟೋ ಕಷ್ಟದ ಆಯ್ಕೆ. ಪಕ್ಕದಿಂದ ಮೆತ್ತಗೆ ಬೆಳಕು ಬಿದ್ದ ಇನ್ನೊಂದನ್ನು ತೆಗೆದುಕೊಳ್ಳಿ.

ಅಂಚು ಚೂಪಾಗಿರಬಾರದು, ಎಲ್ಲಿಯೂ ದುಂಡಗಾಗಿ ಒಳಕ್ಕೆ ಹೊರಳಬೇಕು. ಆಕಾರವನ್ನು ಬಿಳಿಯಾಗಿ ತುಂಬಿ, 40 ಪಿಕ್ಸೆಲ್ ಬ್ಲರ್ ಮಾಡಿ, ಅದನ್ನೇ ಎತ್ತರದ ನಕ್ಷೆಯಾಗಿಸಿದರೆ ಮೈಯ ದುಂಡಗಿನ ಉಬ್ಬು ಬರುತ್ತದೆ. ಕಿವಿ ತಲೆಗೆ ಸೇರುವಲ್ಲಿ ಗೆರೆ ಎಳೆಯಬೇಡಿ. ಎರಡು ಉಂಡೆಗಳನ್ನು ಒತ್ತಿ ಸೇರಿಸಿದಾಗ ಉಳಿಯುವ 4 ಪಿಕ್ಸೆಲ್‌ನ ಕಪ್ಪು ತೋಡು ಸಾಕು, ಅದೂ ಒಂದು ಬದಿಯಲ್ಲಿ ಹೆಬ್ಬೆರಳಿನಿಂದ ತೀಡಿ ಅಳಿಸಿದ ಹಾಗೆ ಮಾಯವಾಗಲಿ. ಹೊಳಪು ಅಗಲವಾಗಿ, ಮಂಕಾಗಿ ಇರಬೇಕು. ಚಿಕ್ಕದಾಗಿ ಬೆಳ್ಳಗೆ ಮಿಂಚಿದರೆ ಬೆಕ್ಕು ಪ್ಲಾಸ್ಟಿಕ್ ಆಗುತ್ತದೆ.

ಬೆರಳಚ್ಚನ್ನು ಎಲ್ಲರೂ ಹಾಕುತ್ತಾರೆ, ಹೆಚ್ಚಿನವರು ತಪ್ಪಾಗಿ ಹಾಕುತ್ತಾರೆ. ವಯಸ್ಕರ ಬೆರಳಿನ ಒಂದು ಗೆರೆಯಿಂದ ಮುಂದಿನ ಗೆರೆಗೆ ಸುಮಾರು ಅರ್ಧ ಮಿಲಿಮೀಟರ್ ಇರುತ್ತದೆ. ನಮ್ಮ ಅಳತೆಯಲ್ಲಿ ಅದು 5 ಪಿಕ್ಸೆಲ್, ಒಂದು ಒತ್ತಿನ ಅಗಲ ಸುಮಾರು 150 ಪಿಕ್ಸೆಲ್. ಕೆನ್ನೆ, ಹೆಗಲು, ಬಾಲದ ಬುಡ, ಹೀಗೆ ಕೈ ಗಟ್ಟಿಯಾಗಿ ಒತ್ತಿರಬಹುದಾದ ಮೂರು ನಾಲ್ಕು ಕಡೆ ಮಾತ್ರ ಹಾಕಿ, ಪ್ರತಿಯೊಂದನ್ನೂ ಅರ್ಧ ಅಳಿಸಿ. ಅಂತರ್ಜಾಲದಲ್ಲಿ ಸಿಕ್ಕ ಬೆರಳಚ್ಚನ್ನು ಗೆರೆಗೆ 20 ಪಿಕ್ಸೆಲ್ ಬರುವಷ್ಟು ಹಿಗ್ಗಿಸಿ ಒಮ್ಮೆ ನಾನೂ ಅಂಟಿಸಿದ್ದೆ. 1500 ಪಿಕ್ಸೆಲ್ ಎತ್ತರದ, 15 ಸೆಂಟಿಮೀಟರ್ ಎಂದುಕೊಂಡಿದ್ದ ಬೆಕ್ಕು ಆ ಗೆರೆಗಳ ಲೆಕ್ಕದಲ್ಲಿ ನಾಲ್ಕು ಸೆಂಟಿಮೀಟರಿಗೂ ಕಡಿಮೆಯಾಯಿತು, ಪಕ್ಕದ ಹೂಕುಂಡ ಮಾತ್ರ ತನ್ನ ಗಾತ್ರದಲ್ಲೇ ಉಳಿದಿತ್ತು.